ಕಂಪನಿ ಬಿಡುವ ಮ್ಯಾನೇಜರ್ ತಂಡದ ಗುಂಪಿಗೆ ಏನು ಬರೆಯಬೇಕು?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಬೀಜ ಮತ್ತು ಕೀಟನಾಶಕ ಮಾರುವ ಕಂಪನಿಯೊಂದರ ಏರಿಯಾ ಮ್ಯಾನೇಜರ್. ಆಗಸ್ಟ್ 30, ಶನಿವಾರ ನನ್ನ ಕೊನೆಯ ದಿನ. ಸೇರುತ್ತಿರುವುದು ಇದೇ ವ್ಯಾಪಾರದ ಇನ್ನೊಂದು ಕಂಪನಿಗೆ, ಇದೇ ಊರಿನಲ್ಲಿ. ಕೈಕೆಳಗೆ ಹನ್ನೊಂದು ಜನರಿದ್ದಾರೆ. ತಂಡದ ವಾಟ್ಸಾಪ್ ಗುಂಪಿಗೆ ವಿದಾಯದ ಸಂದೇಶ ಬರೆದಿದ್ದೇನೆ, ಕರಡು ಜೊತೆಗಿದೆ. ಇದು ಸರಿಯಿದೆಯೇ? ಯಾವಾಗ ಹಾಕಬೇಕು? ಹೊಸ ಕಂಪನಿಯ ಹೆಸರು ಹೇಳಬಹುದೇ?

ಉತ್ತರ: ನಿಮ್ಮ ಕರಡಿನಲ್ಲಿ ಹೋಗುತ್ತಿರುವ ಸುದ್ದಿಯೂ ಹೋಗುವಾಗಿನ ಕೃತಜ್ಞತೆಯೂ ಒಂದೇ ಸಂದೇಶದಲ್ಲಿವೆ. ಇವೆರಡನ್ನು ಬಿಡಿಸಿ, ನಡುವೆ ಹತ್ತು–ಹನ್ನೆರಡು ದಿನಗಳ ಅಂತರವಿಟ್ಟು ಎರಡು ಸಂದೇಶಗಳಾಗಿ ಬರೆಯಿರಿ ಎಂಬುದು ನನ್ನ ಮೊದಲ ಸಲಹೆ. ಕೊನೆಯ ದಿನವೇ ಎಲ್ಲವನ್ನೂ ಹೇಳಿದರೆ ತಂಡದವರು ನಿಮಗೆ ಶುಭಾಶಯ ಕೋರಬಹುದೇ ಹೊರತು ನಿಮ್ಮೊಬ್ಬರಿಗೇ ಗೊತ್ತಿರುವ ಸಂಗತಿಗಳನ್ನು ನಿಮ್ಮಿಂದ ಬರೆಸಿಕೊಳ್ಳಲು ಅವರಿಗೆ ಸಮಯ ಉಳಿಯುವುದಿಲ್ಲ. ನಿಮ್ಮ ವ್ಯಾಪಾರದಲ್ಲಿ ಅಂಥ ಸಂಗತಿಗಳು ಬಹಳ. ತೊಗರಿ ಹೂವಿಗೆ ಬಂದು ಕಾಯಿಕೊರಕದ ಔಷಧಕ್ಕೆ ಬೇಡಿಕೆ ಏಳುವ ಮುನ್ನ ಅಂಗಡಿಗಳಿಗೆ ಮಾಲು ತುಂಬುವ ಕಾಲದಲ್ಲಿ ನೀವು ಹೊರಟಿದ್ದೀರಿ.

ಮೊದಲ ಸಂದೇಶವನ್ನು ಕಂಪನಿ ನಿಮ್ಮ ರಾಜೀನಾಮೆಯನ್ನು ಒಪ್ಪಿ ಸುದ್ದಿಯನ್ನು ಬರಹದಲ್ಲಿ ತಿಳಿಸಿದ ದಿನವೇ ಹಾಕಿ, ಅದಕ್ಕಿಂತ ಮುಂಚೆ ಬೇಡ. ಗುಂಪಿಗೆ ಹಾಕುವ ಮೊದಲು ಹನ್ನೊಂದು ಜನರಿಗೂ ಒಬ್ಬೊಬ್ಬರಿಗೆ ಫೋನ್ ಮಾಡಿ ತಿಳಿಸಿ. ಎಲ್ಲ ಸೇರಿ ಒಂದು ಗಂಟೆಯ ಕೆಲಸ. ನೆಹರು ಗಂಜಿನಲ್ಲಿ ಇಂಥ ಸುದ್ದಿ ಎಷ್ಟು ಬೇಗ ಓಡಾಡುತ್ತದೆಂಬುದು ನಿಮಗೆ ಗೊತ್ತೇ ಇದೆ. ಆಳಂದದ ನಿಮ್ಮ ಸೇಲ್ಸ್ ಆಫೀಸರ್ ವಸೂಲಿಗೆಂದು ಅಂಗಡಿಗೆ ಹೋದಾಗ ಡೀಲರೇ ‘ನಿಮ್ಮ ಸಾಹೇಬರು ಬಿಡಾಕತ್ತಾರಂತಲ್ಲ’ ಎಂದು ಕೇಳುವಂತಾದರೆ, ಆ ಹೊತ್ತಿನಲ್ಲಿ ಅವರಿಗಾಗುವ ಮುಜುಗರವನ್ನು ನೀವು ಆಮೇಲೆ ಬರೆಯುವ ಯಾವ ವಾಕ್ಯವೂ ತೊಡೆಯುವುದಿಲ್ಲ.

ಆ ಮೊದಲ ಸಂದೇಶದ ಮುಖ್ಯ ಉದ್ದೇಶ ನಿಮ್ಮ ಬಾಯಿಮಾತುಗಳನ್ನು ಬರಹಕ್ಕೆ ತರುವುದು. ಕರಡಿನಲ್ಲಿ ಇದರ ಸುಳಿವೇ ಇಲ್ಲದಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸೇಡಂನ ಡೀಲರ್ ಒಬ್ಬರಿಗೆ ನೀವು ಜೂನ್‌ನಲ್ಲಿ ‘ಸೆಪ್ಟೆಂಬರ್ ಒಳಗೆ 3 ಲಕ್ಷ ರೂಪಾಯಿಯ ಮಾಲು ಎತ್ತಿದರೆ ಶೇಕಡಾ 2 ಹೆಚ್ಚುವರಿ ಸ್ಕೀಮ್ ಕೊಡಿಸುತ್ತೇನೆ’ ಎಂದು ಹೇಳಿದ್ದೀರಿ ಎಂದಿಟ್ಟುಕೊಳ್ಳಿ. ಮೇಲ್ ಇಲ್ಲ, ಮೇಲಧಿಕಾರಿಯ ಒಪ್ಪಿಗೆಯ ದಾಖಲೆಯೂ ಇಲ್ಲ. ಡೀಲರ್ ಮಾತು ನಂಬಿ ಮಾಲು ಎತ್ತುತ್ತಾರೆ. ಅಕ್ಟೋಬರ್‌ನಲ್ಲಿ ಸೇಡಂನ ಆಫೀಸರ್ ವಸೂಲಿಗೆ ಹೋದಾಗ ಡೀಲರ್ 6,000 ರೂಪಾಯಿ ಮುರಿದುಕೊಂಡು ಉಳಿದ ಹಣ ಕೊಡುತ್ತಾರೆ, ಕ್ರೆಡಿಟ್ ನೋಟ್ ಬರುತ್ತದೆಂದು ಸಾಹೇಬರೇ ಹೇಳಿದ್ದರು ಎನ್ನುತ್ತಾರೆ. ಕಂಪನಿಯ ಲೆಕ್ಕದಲ್ಲಿ ಆ 6,000 ಬಾಕಿಯಾಗಿಯೇ ನಿಲ್ಲುತ್ತದೆ. ಆಫೀಸರ್‌ನ ಇನ್ಸೆಂಟಿವ್ ವಸೂಲಿಗೆ ಜೋಡಿಸಿದ್ದರೆ ಅದಕ್ಕೂ ಪೆಟ್ಟು ಬೀಳುತ್ತದೆ. ಹೊಸ ಮ್ಯಾನೇಜರ್‌ಗೆ ಈ ಮಾತು ಗೊತ್ತಿಲ್ಲ, ನೀವು ಎದುರು ಕಂಪನಿಯಲ್ಲಿದ್ದೀರಿ. ಬಾಕಿ ಕೊಡದಿರಲು ಡೀಲರ್ ನೆಪ ಹೇಳುತ್ತಿದ್ದಾರೆಂದು ಮೇಲಿನವರು ಭಾವಿಸುತ್ತಾರೆ, ಆಫೀಸರ್ ಸುಳ್ಳು ಹೇಳುತ್ತಿದ್ದಾರೆಂದು ಡೀಲರ್ ಭಾವಿಸುತ್ತಾರೆ. ನಿಮ್ಮ ಸಂದೇಶ ಎಷ್ಟೇ ಚೆನ್ನಾಗಿದ್ದರೂ ಆ ಆಫೀಸರ್ ನಿಮ್ಮನ್ನು ನೆನೆಯುವುದು ಆ 6,000 ರೂಪಾಯಿಯ ಮೂಲಕ.

ಹೀಗಾಗಿ ಮೊದಲ ಸಂದೇಶ ಒಣಗಿದಂತೆ ಕಂಡರೂ ಚಿಂತೆಯಿಲ್ಲ, ಹೀಗೆ ಬರೆಯಬಹುದು:

‘ಎಲ್ಲರಿಗೂ ನಮಸ್ಕಾರ. ನಾನು ಕೆಲಸ ಬಿಡುತ್ತಿರುವ ವಿಷಯವನ್ನು ಕಂಪನಿ ಇಂದು ತಿಳಿಸಿದೆ. ಆಗಸ್ಟ್ 30, ಶನಿವಾರ ನನ್ನ ಕೊನೆಯ ದಿನ. ಅಲ್ಲಿಯವರೆಗೆ ಕೆಲಸ ಎಂದಿನಂತೆ ನಡೆಯುತ್ತದೆ. ಡೀಲರುಗಳಿಗಾಗಲಿ, ರೈತರಿಗಾಗಲಿ, ನಿಮಗಾಗಲಿ ನಾನು ಬಾಯಿಮಾತಿನಲ್ಲಿ ಒಪ್ಪಿಕೊಂಡ ಏನಾದರೂ ಬಾಕಿ ಇದ್ದರೆ ಆಗಸ್ಟ್ 23ರ ಒಳಗೆ ನನಗೊಬ್ಬನಿಗೇ ಬರೆದು ಕಳಿಸಿ: ಯಾರಿಗೆ, ಏನು, ಯಾವಾಗ ಹೇಳಿದ್ದು. ಗುಂಪಿನಲ್ಲಿ ಹಾಕುವುದು ಬೇಡ. ಜುಲೈವರೆಗಿನ ಟಿ.ಎ. ಬಿಲ್ಲುಗಳನ್ನು ಅದೇ ದಿನದೊಳಗೆ ಕೊಟ್ಟರೆ ನಾನೇ ನೋಡಿ ಮುಂದೆ ಕಳಿಸುತ್ತೇನೆ. ಆಗಸ್ಟ್ ತಿಂಗಳ ಬಿಲ್ಲುಗಳು ನನ್ನ ನಂತರ ಬರುವವರಿಗೆ ಹೋಗುತ್ತವೆ.’

ಗುಂಪಿನಲ್ಲಿ ಬೇಡ ಎಂದದ್ದಕ್ಕೆ ಕಾರಣವಿದೆ. ಸೇಡಂನವರಿಗೆ ಶೇಕಡಾ 2 ಒಪ್ಪಿ ಚಿತ್ತಾಪುರದವರಿಗೆ ಏನೂ ಒಪ್ಪದಿದ್ದರೆ, ಅದು ಎಲ್ಲರ ಮುಂದೆ ಬಂದ ಕೂಡಲೇ ಬೀಳ್ಕೊಡುಗೆಯ ವಾರ ಜಗಳದ ವಾರವಾಗುತ್ತದೆ. ಬಂದ ಪಟ್ಟಿಯಲ್ಲಿ ನಿಮ್ಮ ಅಧಿಕಾರದ ಮಿತಿಯೊಳಗಿರುವುದನ್ನು ನೀವೇ ಬರಹದಲ್ಲಿ ಮುಗಿಸಿ. ಮಿತಿ ದಾಟಿದ್ದನ್ನು ಮೇಲಧಿಕಾರಿಗೆ ಮೇಲ್ ಮಾಡಿ, ಒಪ್ಪಿಗೆ ಬಂದರೂ ಬರದಿದ್ದರೂ ಆ ಮೇಲ್ ಹಸ್ತಾಂತರದ ಕಡತದಲ್ಲಿರುವಂತೆ ನೋಡಿಕೊಳ್ಳಿ. ಒಪ್ಪಿಗೆ ಸಿಗದ ಮಾತುಗಳನ್ನು ಡೀಲರ್‌ಗೆ ತಿಳಿಸುವ ಹೊಣೆ ನಿಮ್ಮದೇ. ಆ ಭಾಗದ ಆಫೀಸರನ್ನು ಜೊತೆಗೆ ಕರೆದುಕೊಂಡು ಹೋಗಿ ನೀವೇ ಹೇಳಿ. ಅವರನ್ನೊಬ್ಬರನ್ನೇ ಕಳಿಸಿದರೆ ನಿಮ್ಮ ಸಾಲವನ್ನು ಅವರ ತಲೆಗೆ ಕಟ್ಟಿದಂತೆ.

ಒಳಗಿನವರಿಗೆ ಕೊಟ್ಟ ಮಾತುಗಳದ್ದೂ ಇದೇ ಕಥೆ. ಕರಡಿನಲ್ಲಿ ‘ಶಹಾಪುರದ ತಮ್ಮನ ಬಡ್ತಿಯ ವಿಷಯ ನಾನು ಮಾತಾಡಿದ್ದೇನೆ, ಖಂಡಿತ ಆಗುತ್ತದೆ’ ಎಂದಿದೆ. ಇದನ್ನು ತೆಗೆಯಿರಿ. ಬಡ್ತಿ ಇನ್ನು ನಿಮ್ಮ ಕೈಯಲ್ಲಿಲ್ಲ, ಆಗದೇ ಹೋದರೆ ಹತ್ತು ಜನರ ಮುಂದೆ ಅವರ ಮುಖ ಚಿಕ್ಕದಾಗುತ್ತದೆ. ಅವರ ಈ ವರ್ಷದ ಕೆಲಸದ ಬಗ್ಗೆ ನಿಮ್ಮ ಅಭಿಪ್ರಾಯವನ್ನು ಮೇಲಧಿಕಾರಿಗೆ ಬರಹದಲ್ಲಿ ಕೊಟ್ಟು ಹೋಗುವುದು ಅವರಿಗೆ ಹೆಚ್ಚಿನ ಸಹಾಯ.

ಇನ್ನು ಹೊಸ ಕಂಪನಿಯ ಹೆಸರು. ಎರಡೂ ಸಂದೇಶಗಳಲ್ಲಿ ಅದು ಬೇಡ. ಕಾನೂನಿನ ಹೆದರಿಕೆಯಿಂದ ಮಾತ್ರ ಹೀಗೆ ಹೇಳುತ್ತಿಲ್ಲವಾದರೂ ಕಾನೂನಿನ ಸ್ಥಿತಿಯನ್ನು ಮೊದಲು ತಿಳಿಸುತ್ತೇನೆ. 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಕಲಮಿನ ಪ್ರಕಾರ ಒಬ್ಬರ ವೃತ್ತಿ, ವ್ಯಾಪಾರಗಳನ್ನು ತಡೆಯುವ ಕರಾರು ಅಷ್ಟರಮಟ್ಟಿಗೆ ಅಸಿಂಧು. ಆದ್ದರಿಂದ ಕೆಲಸ ಬಿಟ್ಟ ಮೇಲೆ ಸ್ಪರ್ಧಿ ಕಂಪನಿಗೆ ಸೇರಬಾರದು ಎಂಬ ಷರತ್ತು ನಿಮ್ಮ ನೇಮಕಾತಿ ಪತ್ರದಲ್ಲಿದ್ದರೂ ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಅದನ್ನು ಎತ್ತಿಹಿಡಿಯುವುದಿಲ್ಲ. ಕೆಲಸದಲ್ಲಿರುವ ಅವಧಿಗೆ ಹಾಕಿದ ಷರತ್ತುಗಳ ಮಾತು ಬೇರೆ. ಅಂಥವು ನ್ಯಾಯಸಮ್ಮತವಾಗಿದ್ದರೆ ಜಾರಿಯಾಗುತ್ತವೆ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ನೋಟಿಸ್ ಅವಧಿಯೂ ಕೆಲಸದ ಅವಧಿಯೇ. ಆಗಸ್ಟ್ 30ರ ಸಂಜೆ ನೀವು ಬರೆಯುವ ಸಂದೇಶ ಹಳೆಯ ಕಂಪನಿಯ ನೌಕರರಾಗಿ ಬರೆದದ್ದು ಎಂಬುದನ್ನು ಮರೆಯಬೇಡಿ. ಕಂಪನಿಯ ಗುಟ್ಟುಗಳನ್ನು ಹೊರಗೆ ಹೇಳಬಾರದೆಂಬ ಮತ್ತು ಸಿಬ್ಬಂದಿಯನ್ನು ಸೆಳೆಯಬಾರದೆಂಬ ಷರತ್ತುಗಳು ನಿಮ್ಮ ಪತ್ರದಲ್ಲಿ ಹೇಗಿವೆಯೆಂದು ಒಮ್ಮೆ ಓದಿಕೊಳ್ಳಿ. ಅವುಗಳ ಪರಿಣಾಮ ಪದಗಳ ಮೇಲೆ ನಿಂತಿರುತ್ತದೆ, ಅನುಮಾನವಿದ್ದರೆ ವಕೀಲರೊಬ್ಬರಿಗೆ ತೋರಿಸುವುದು ಒಳ್ಳೆಯದು.

ಈ ದೃಷ್ಟಿಯಿಂದ ಕರಡಿನಲ್ಲಿ ನನಗೆ ಹೆಚ್ಚು ಚುಚ್ಚಿದ ವಾಕ್ಯ ‘ನಾನು ಎಲ್ಲೇ ಇದ್ದರೂ ನಿಮಗೆ ನನ್ನ ಬಾಗಿಲು ಸದಾ ತೆರೆದಿರುತ್ತದೆ’ ಎಂಬುದು. ನೀವು ಅದನ್ನು ಪ್ರೀತಿಯಿಂದ ಬರೆದಿದ್ದೀರಿ, ಸಂದೇಹವಿಲ್ಲ. ಬೇರೆ ಊರಿಗೆ, ಬೇರೆ ವ್ಯಾಪಾರಕ್ಕೆ ಹೋಗುವವರು ಬರೆದಿದ್ದರೆ ಅದಕ್ಕೆ ಪ್ರೀತಿಯ ಅರ್ಥವೇ ಉಳಿಯುತ್ತಿತ್ತು. ಸ್ಪರ್ಧಿ ಕಂಪನಿಗೆ ಹೋಗುವವರು ಬರೆದಾಗ ಅದು ಕೆಲಸದ ಆಹ್ವಾನದಂತೆ ಓದಿಸಿಕೊಳ್ಳುತ್ತದೆ. ಗುಂಪಿನ ಸ್ಕ್ರೀನ್‌ಶಾಟ್ ಹೊರಗೆ ಹೋಗುವುದಿಲ್ಲ ಎಂದು ನಂಬಿ ಬರೆಯಬೇಡಿ. ಮುಂದಿನ ಆರು ತಿಂಗಳಲ್ಲಿ ನಿಮ್ಮ ತಂಡದ ಇಬ್ಬರು ತಾವಾಗಿಯೇ ನಿಮ್ಮ ಹೊಸ ಕಂಪನಿಗೆ ಅರ್ಜಿ ಹಾಕಿದರೂ ಆ ಒಂದು ಸಾಲನ್ನು ಯಾರಾದರೂ ತೆಗೆದು ತೋರಿಸುತ್ತಾರೆ. ನಿಮಗಾಗುವ ತೊಂದರೆಗಿಂತ ಉಳಿಯುವವರಿಗಾಗುವ ತೊಂದರೆ ದೊಡ್ಡದು. ಆ ಸಾಲಿನ ಕೆಳಗೆ ‘ಖಂಡಿತ ಬರ್ತೀವಿ ಸರ್’ ಎಂದು ತಮಾಷೆಗೆ ಬರೆದ ಅಫಜಲಪುರದ ಹುಡುಗನನ್ನು ಹೊಸ ಮ್ಯಾನೇಜರ್ ಮೊದಲ ದಿನದಿಂದಲೇ ಸಂಶಯದಿಂದ ನೋಡಬಹುದು. ‘ಎಲ್ಲಿಗೆ ಸರ್?’ ಎಂದು ಗುಂಪಿನಲ್ಲಿ ಕೇಳಿಯೇ ಕೇಳುತ್ತಾರೆ. ‘ಸೇರಿದ ಮೇಲೆ ತಿಳಿಸುತ್ತೇನೆ’ ಎಂಬ ಉತ್ತರ ಸಾಕು. ಸೆಪ್ಟೆಂಬರ್ ಮೊದಲ ವಾರದಲ್ಲಿ ನೀವು ಗಂಜಿನಲ್ಲಿ ಹೊಸ ಕಂಪನಿಯ ಚೀಲ ಹಿಡಿದು ಓಡಾಡುವುದನ್ನು ಅವರೇ ನೋಡುತ್ತಾರೆ.

ಎರಡನೆಯ ಸಂದೇಶವೇ ನಿಜವಾದ ವಿದಾಯ. ಇದರಲ್ಲಿ ಕಷ್ಟದ ಭಾಗ ಕೃತಜ್ಞತೆ. ಕರಡಿನಲ್ಲಿ ನೀವು ಮೂವರ ಹೆಸರು ಹೇಳಿ, ‘ಹಾಗೂ ಉಳಿದ ಎಲ್ಲರಿಗೂ’ ಎಂದು ಮುಗಿಸಿದ್ದೀರಿ. ಹನ್ನೊಂದು ಜನರ ತಂಡದಲ್ಲಿ ಉಳಿದವರು ಎಂಟು ಜನ, ಆ ಎಂಟು ಜನರೂ ಸಂದೇಶದಲ್ಲಿ ಮೊದಲು ಹುಡುಕುವುದು ತಮ್ಮ ಹೆಸರನ್ನು. ಹೇಳಿದರೆ ಹನ್ನೊಂದೂ ಹೆಸರು ಹೇಳಬೇಕು, ಇಲ್ಲವಾದರೆ ಯಾರ ಹೆಸರನ್ನೂ ಹೇಳಬಾರದು. ನಿಮ್ಮ ಗುಂಪಿನ ಮಟ್ಟಿಗೆ ಎರಡನೆಯದೇ ಸೂಕ್ತ ಎಂದು ನನಗನಿಸುತ್ತದೆ. ಪ್ರತಿಯೊಬ್ಬರಿಗೂ ಒಂದೊಂದು ನಿಜವಾದ ಮಾತು ಹೇಳಹೊರಟರೆ ಸಂದೇಶ ಉದ್ದವಾಗುತ್ತದೆ, ವಾಟ್ಸಾಪ್ ಉದ್ದ ಸಂದೇಶವನ್ನು ಮಡಚಿ ಮೇಲಿನ ಭಾಗವನ್ನಷ್ಟೇ ತೋರಿಸುತ್ತದೆ, ಹೆಸರು ಮಡಿಕೆಯೊಳಗೆ ಸಿಕ್ಕವರಿಗೆ ಅದೂ ಒಂದು ಅಸಮಾಧಾನ. ಆ ಹನ್ನೊಂದು ಮಾತುಗಳನ್ನು ಹನ್ನೊಂದು ಜನರಿಗೆ ಬೇರೆಬೇರೆಯಾಗಿ ಹೇಳಿ. ಗುಂಪಿನಲ್ಲಿ ಎಲ್ಲರೂ ಕೂಡಿ ಮಾಡಿದ ಒಂದು ಕೆಲಸವನ್ನು ನೆನೆಯಿರಿ.

ಅಂಥದ್ದೊಂದು ನಿಮ್ಮ ಕರಡಿನ ನಾಲ್ಕನೆಯ ಪ್ಯಾರಾದಲ್ಲಿ ಹುದುಗಿದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದಾಗ ಅಫಜಲಪುರ ಮತ್ತು ಜೇವರ್ಗಿ ಕಡೆಯ ಅಂಗಡಿಗಳಲ್ಲಿ ನೆನೆದ ಮಾಲಿನ ಲೆಕ್ಕ ಬರೆಯಲು ತಂಡದವರೆಲ್ಲ ತಮ್ಮ ತಾಲ್ಲೂಕು ಬಿಟ್ಟು ಹೋಗಿದ್ದನ್ನು ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಇಡೀ ಕರಡಿನಲ್ಲಿ ಬೇರೆ ಯಾವ ಮ್ಯಾನೇಜರ್ ಕೂಡ ಬರೆಯಲಾಗದ ವಾಕ್ಯ ಅದೊಂದೇ. ಅದರ ಮೇಲಿರುವ ನಿಮ್ಮ ಹುದ್ದೆಗಳ ಇತಿಹಾಸ, ಕಲಿತ ಪಾಠಗಳು, ಟಾರ್ಗೆಟ್ ಮುಟ್ಟಿದ ವರ್ಷಗಳ ಪಟ್ಟಿ ಎಲ್ಲವನ್ನೂ ತೆಗೆದು ಇದನ್ನು ಮೇಲೆ ತನ್ನಿ. ಆ ನಂತರ ತಂಡಕ್ಕೆ ಸೇರಿದವರೂ ಗುಂಪಿನಲ್ಲಿರಬಹುದಾದ್ದರಿಂದ ಅವರಿಗೂ ಒಂದು ಮಾತು ಇರಲಿ.

ಸಂಬೋಧನೆಯ ಬಗ್ಗೆಯೂ ಹೇಳಬೇಕು. ‘ನನ್ನ ಪ್ರೀತಿಯ ಹುಡುಗರೇ’ ಎಂದು ಆರಂಭಿಸಿದ್ದೀರಿ. ಗೋದಾಮು ನೋಡಿಕೊಳ್ಳುವವರು ನಿಮಗಿಂತ ಹಿರಿಯರು, ಎದುರಿಗೆ ನೀವೇ ಅವರನ್ನು ಕಾಕಾ ಎನ್ನುತ್ತೀರೆಂದು ಪತ್ರದಲ್ಲಿ ಬರೆದಿದ್ದೀರಿ. ಬಿಲ್ಲಿಂಗ್ ನೋಡುವವರು ಮಹಿಳೆ. ಇವರಿಬ್ಬರೂ ‘ಹುಡುಗರು’ ಎಂಬುದರಲ್ಲಿ ಸೇರುವುದಿಲ್ಲ. ‘ಎಲ್ಲರಿಗೂ ನಮಸ್ಕಾರ’ ಎಂದರೆ ಯಾರೂ ಹೊರಗುಳಿಯುವುದಿಲ್ಲ. ಕರಡು ಇಂಗ್ಲಿಷಿನಲ್ಲಿದೆ. ದಿನದ ವರದಿಯನ್ನು ಕನ್ನಡದಲ್ಲಿ ಹಾಕುವ ಗುಂಪಿಗೆ ವಿದಾಯ ಮಾತ್ರ ಇಂಗ್ಲಿಷಿನಲ್ಲಿ ಬಂದರೆ ಅದು ಮೇಲಿನವರಿಗಾಗಿ ಬರೆದದ್ದೆಂದು ಕಾಣುತ್ತದೆ. ಮನೆಯಲ್ಲಿ ಉರ್ದು ಆಡುವವರೂ ಬೀದರ್ ಕಡೆಯ ಮರಾಠಿಯವರೂ ನಿಮ್ಮ ತಂಡದಲ್ಲಿರುವುದರಿಂದ ಚಿಕ್ಕ ವಾಕ್ಯಗಳ ಸರಳ ಕನ್ನಡ ಸಾಕು.

‘ನನ್ನಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ’ ಎಂಬ ಮಾತು ನಮ್ಮ ಕಡೆ ರೂಢಿ, ಬೇಡವೆನ್ನುವುದಿಲ್ಲ. ಆದರೆ ಜುಲೈ ಮೀಟಿಂಗ್‌ನಲ್ಲಿ ಚಿಂಚೋಳಿಯ ಆಫೀಸರನ್ನು ಎಲ್ಲರ ಮುಂದೆ ಬೈದದ್ದು ಮನಸ್ಸಿನಲ್ಲಿದೆ ಎಂದು ನೀವೇ ಬರೆದಿದ್ದೀರಿ. ಅದಕ್ಕೆ ಗುಂಪಿನ ಕ್ಷಮೆ ಸಾಲದು, ಅಲ್ಲಿ ಅವರು ‘ಹಾಗೇನಿಲ್ಲ ಸರ್’ ಎಂದು ಬರೆಯುವುದು ಅನಿವಾರ್ಯವಾಗುತ್ತದೆ. ಚಿಂಚೋಳಿಗೆ ಹೋಗಿ ಅವರಿಗೇ ಹೇಳಿ, ಗುಂಪಿನ ಸಂದೇಶದಿಂದ ಆ ಸಾಲನ್ನು ಬಿಡಿ.

ಇಷ್ಟೆಲ್ಲ ತೆಗೆದ ಮೇಲೆ ಉಳಿಯುವುದು ಸುಮಾರು ಹೀಗಿರುತ್ತದೆ:

‘ಎಲ್ಲರಿಗೂ ನಮಸ್ಕಾರ. ಇಂದು ಇಲ್ಲಿ ನನ್ನ ಕೊನೆಯ ದಿನ. 2020ರ ಅಕ್ಟೋಬರ್‌ನಲ್ಲಿ ಭೀಮಾ ನೀರು ಇಳಿದ ಮೇಲೆ ಅಫಜಲಪುರ, ಜೇವರ್ಗಿ ಅಂಗಡಿಗಳಲ್ಲಿ ಕೆಸರಿನಲ್ಲಿ ನಿಂತು ನೆನೆದ ಡಬ್ಬಿಗಳ ಲೆಕ್ಕ ಬರೆದವರು ಈ ಗುಂಪಿನಲ್ಲಿದ್ದೀರಿ. ಅದು ನಿಮ್ಮ ತಾಲ್ಲೂಕಲ್ಲ, ನಿಮ್ಮ ಟಾರ್ಗೆಟ್ಟೂ ಅಲ್ಲ, ಆದರೂ ಬಂದಿರಿ. ಆಮೇಲೆ ಸೇರಿದವರು ಅದೇ ರೀತಿ ಒಬ್ಬರ ಭಾಗದ ಕೆಲಸಕ್ಕೆ ಇನ್ನೊಬ್ಬರು ನಿಂತದ್ದನ್ನು ಪ್ರತಿ ಹಂಗಾಮಿನಲ್ಲೂ ನೋಡಿದ್ದೇನೆ. ಅದಕ್ಕೆ ನಾನು ಋಣಿ. ನೀವು ಬರೆದು ಕಳಿಸಿದ ಬಾಕಿ ವಿಷಯಗಳೆಲ್ಲ ಹಸ್ತಾಂತರದ ಪತ್ರದಲ್ಲಿ ಸೇರಿವೆ, ನಿಮ್ಮ ಭಾಗದ ಪ್ರತಿ ನಿಮಗೆ ಮೇಲ್‌ನಲ್ಲಿ ಬಂದಿದೆ. ಹೊಸ ಮ್ಯಾನೇಜರ್ ಬರುವವರೆಗೆ ರೀಜನಲ್ ಮ್ಯಾನೇಜರ್ ಅವರನ್ನು ಸಂಪರ್ಕಿಸಿ. ಇಂದು ರಾತ್ರಿ ಎಂಟರ ನಂತರ ನಾನು ಈ ಗುಂಪಿನಲ್ಲಿ ಇರುವುದಿಲ್ಲ. ನಿಮಗೂ ಮನೆಯವರಿಗೂ ಒಳ್ಳೆಯದಾಗಲಿ.’

ಪ್ರತಿಯ ಬಗ್ಗೆ ಹೇಳಿದ ಸಾಲು ನಿಜವಾಗಿದ್ದರೆ ಮಾತ್ರ ಬರೆಯಿರಿ. ಹಸ್ತಾಂತರದ ಪತ್ರದಲ್ಲಿ ಆಯಾ ಭಾಗಕ್ಕೆ ಸಂಬಂಧಿಸಿದ್ದನ್ನು ಆಯಾ ಆಫೀಸರ್‌ಗೆ ಕಂಪನಿಯ ಮೇಲ್‌ನಿಂದಲೇ, ಮೇಲಧಿಕಾರಿಗೂ ಪ್ರತಿ ಹಾಕಿ ಕಳಿಸಿದ್ದರೆ, ಸೇಡಂನ 6,000 ರೂಪಾಯಿಯ ಪ್ರಶ್ನೆ ಅಕ್ಟೋಬರ್‌ನಲ್ಲಿ ಎದ್ದಾಗ ತೋರಿಸಲು ಅವರ ಕೈಯಲ್ಲಿ ಏನಾದರೂ ಇರುತ್ತದೆ. ಹೊಸಬರ ಬಗ್ಗೆ ಹೊಗಳಿಕೆಯನ್ನಾಗಲಿ ಹೋಲಿಕೆಯನ್ನಾಗಲಿ ನಾನು ಬೇಕೆಂದೇ ಬಿಟ್ಟಿದ್ದೇನೆ.

ಸಂದೇಶವನ್ನು ಸಂಜೆ ಐದರ ಸುಮಾರಿಗೆ, ಹೊರಗಿನಿಂದ ಎಲ್ಲರೂ ಮರಳುವ ಹೊತ್ತಿಗೆ ಹಾಕಿ. ಹಾಕಿದ ಮೇಲೆ ಒಮ್ಮೆ ಓದಿ. ವಾಟ್ಸಾಪ್‌ನಲ್ಲಿ ತಿದ್ದಲು 15 ನಿಮಿಷಗಳ ಅವಕಾಶವಿದೆ. ಉತ್ತರಗಳು ಬರುತ್ತಿದ್ದಂತೆ ಒಬ್ಬೊಬ್ಬರಿಗೂ ಮರು ಉತ್ತರ ಬರೆಯುತ್ತ ಕೂರದೆ, ಕೊನೆಗೆ ಎಲ್ಲರಿಗೂ ಸೇರಿ ಒಂದು ಸಾಲು ಬರೆದು, ಹೇಳಿದ ಹೊತ್ತಿಗೆ ನೀವೇ ಹೊರಬನ್ನಿ. ‘ನೆನಪಿಗಾಗಿ’ ಗುಂಪಿನಲ್ಲಿ ಉಳಿಯುತ್ತೇನೆ ಎಂದು ಪತ್ರದಲ್ಲಿ ಬರೆದಿದ್ದೀರಿ, ಅದು ಆಗದ ಮಾತು. ದರ, ಸ್ಕೀಮ್, ವಸೂಲಿಯ ಅಂಕಿಗಳು ದಿನವೂ ಬೀಳುವ ಗುಂಪಿನಲ್ಲಿ ಸ್ಪರ್ಧಿ ಕಂಪನಿಯವರು ಒಂದು ದಿನವೂ ಇರಬಾರದು. ಹೊರಬರುವ ಮೊದಲು ಮೇಲಧಿಕಾರಿ ಸೂಚಿಸಿದವರನ್ನು ಅಡ್ಮಿನ್ ಮಾಡಿ. ನೀವೊಬ್ಬರೇ ಅಡ್ಮಿನ್ ಆಗಿದ್ದು ಹಾಗೆಯೇ ಹೊರಬಂದರೆ ಸದಸ್ಯರಲ್ಲಿ ಯಾರೋ ಒಬ್ಬರು ತಾನಾಗಿ ಅಡ್ಮಿನ್ ಆಗಿಬಿಡುತ್ತಾರೆ. ನಿಮ್ಮ ನಂಬರು ಕಂಪನಿ ಕೊಟ್ಟ ಸಿಮ್‌ನದ್ದಾಗಿದ್ದರೆ, ಸಿಮ್ ಹಿಂದಿರುಗಿಸುವ ಮೊದಲು ವಾಟ್ಸಾಪ್‌ನ ಎರಡು ಹಂತದ ಪರಿಶೀಲನೆಯ ಪಿನ್ ತೆಗೆದುಹಾಕಿ. ಇಲ್ಲದಿದ್ದರೆ ಮುಂದೆ ಆ ಸಿಮ್ ಪಡೆಯುವವರು ವಾಟ್ಸಾಪ್ ತೆರೆಯಲು ವಾರದವರೆಗೆ ಕಾಯಬೇಕಾಗಬಹುದು.

ಡೀಲರುಗಳ ಗುಂಪಿಗೆ ಇದೇ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಅವರು ಕಂಪನಿಯ ಗ್ರಾಹಕರು, ಅಲ್ಲಿ ನಿಮ್ಮ ನಿರ್ಗಮನವನ್ನೂ ಮುಂದೆ ಯಾರನ್ನು ಸಂಪರ್ಕಿಸಬೇಕೆಂಬುದನ್ನೂ ತಿಳಿಸಬೇಕಾದವರು ಕಂಪನಿಯವರು. ಕಂಪನಿ ಹಾಕಿದ ಸಂದೇಶದ ಕೆಳಗೆ ‘ಇಷ್ಟು ದಿನದ ಸಹಕಾರಕ್ಕೆ ಧನ್ಯವಾದಗಳು’ ಎಂದು ಬರೆದು ಹೊರಬನ್ನಿ.